ತೆಳು ಲ್ಯಾಪ್‌ಟಾಪ್‌ಗೆ ಕೂಲಿಂಗ್ ಪ್ಯಾಡೋ, ಬರೀ ಸ್ಟ್ಯಾಂಡೋ? ಮೂರನ್ನೂ ಇಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮೂರರಲ್ಲಿ ನನಗೆ ಇಷ್ಟವಾಗಿದ್ದು ಫ್ಯಾನೇ ಇಲ್ಲದ, ಮಡಚಿ ಬ್ಯಾಗಿಗೆ ಹಾಕಿಕೊಳ್ಳುವಂಥ ಅಲ್ಯೂಮಿನಿಯಂ ಸ್ಟ್ಯಾಂಡ್. ಬೆಲೆ 650 ರೂಪಾಯಿ. ಅದಕ್ಕೂ ಮೊದಲು 1,100 ಕೊಟ್ಟು ಎರಡು ಫ್ಯಾನಿನ ಪ್ಯಾಡ್ ತಂದಿದ್ದೆ. ಅದರ ಮೇಲಿನ ಬೇಸರಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆ ಹತ್ತಿರ ಮನೆಯಿಂದಲೇ ಪಿಯುಸಿ ಮಕ್ಕಳಿಗೆ ಅಕೌಂಟ್ಸ್ ಪಾಠ ಮಾಡುತ್ತೇನೆ. ಸಂಜೆ ಐದರಿಂದ ಎಂಟರವರೆಗೆ ಒಂದೇ ಸಮನೆ ವಿಡಿಯೋ ಕಾಲ್. ಸ್ಕ್ರೀನ್ ಶೇರ್ ಆಗಿರುತ್ತದೆ, ಹಿಂದಿನ ಹಾಲ್ ಕಾಣದಿರಲಿ ಅಂತ ಬ್ಲರ್ ಹಾಕಿರುತ್ತೇನೆ, ಚಾರ್ಜರ್ ಕೂಡ ಸಿಕ್ಕಿಸಿರುತ್ತೇನೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ನನ್ನ ಧ್ವನಿ ತುಂಡು ತುಂಡಾಗಿ ಕೇಳುತ್ತದೆ ಅಂತ ಮಕ್ಕಳು ದೂರುತ್ತಿದ್ದರು. ಕೊಡಗಲ್ಲವಾ, ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕನ್ನೇ. ನಾನೂ ಎರಡು ತಿಂಗಳು ಅದನ್ನೇ ಬೈದೆ.

ಆಮೇಲೆ ಗಮನಿಸಿದ್ದೇನೆಂದರೆ, ಆ ಹೊತ್ತಿಗೆ ನನ್ನ ಮೌಸ್ ಕೂಡ ಎಳೆದಾಡುತ್ತಿತ್ತು. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತಿತ್ತು. ನೆಟ್ ಕೈಕೊಟ್ಟರೆ ಮೌಸ್ ಯಾಕೆ ನಿಧಾನವಾಗಬೇಕು? ಒಳಗಿನ ಬಿಸಿ ತೋರಿಸುವ HWiNFO ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಪ್ರೊಸೆಸರ್ 96 ಡಿಗ್ರಿ ಮುಟ್ಟಿತ್ತು, `Core Thermal Throttling` ಅನ್ನುವ ಸಾಲಿನಲ್ಲಿ `Yes` ಅಂತ ಬಂದಿತ್ತು. ಅಂದರೆ ಬಿಸಿ ತಡೆಯಲಾರದೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಅಲ್ಲಿ `No` ಅಂತಲೇ ಇದ್ದು ಕಾಲ್ ಮಾತ್ರ ತಡವರಿಸಿದರೆ ಪ್ಯಾಡಿಗೆ ದುಡ್ಡು ಹಾಕಬೇಡಿ, ತೊಂದರೆ ಬೇರೆ ಕಡೆ ಇದೆ.

ಹಾಗೆ ತಂದಿದ್ದು ಎರಡು ಫ್ಯಾನಿನ ಪ್ಯಾಡ್. ಹಾಕಿದ ದಿನ 96 ಇದ್ದದ್ದು 94 ಆಯಿತು. ಅಷ್ಟೇ! ಫ್ಯಾನ್ ಜೋರಾಗಿಯೇ ತಿರುಗುತ್ತಿದೆ, ಕೈಯಿಟ್ಟರೆ ಗಾಳಿಯೂ ಬರುತ್ತಿದೆ, ಆದರೂ ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡೆ. ಲ್ಯಾಪ್‌ಟಾಪ್ ತಿರುಗಿಸಿ ನೋಡಿದಾಗ ಗೊತ್ತಾಯಿತು. ಅದು ಗಾಳಿ ಎಳೆದುಕೊಳ್ಳುವ ಸೀಳುಗಳು ತಳದ ನಡುವೆ ಇಲ್ಲವೇ ಇಲ್ಲ. ಸ್ಕ್ರೀನ್ ಮಡಚುವ ಕೀಲಿನ ಹತ್ತಿರ, ಹಿಂಬದಿಯಲ್ಲಿ, ಎರಡು ಬೆರಳಗಲದ ಪಟ್ಟಿಯಲ್ಲಿವೆ. ಪ್ಯಾಡಿನ ಎರಡೂ ಫ್ಯಾನ್ ಇರುವುದು ನಡುವೆ. ಅವು ಇಡೀ ಸಂಜೆ ಮುಚ್ಚಿದ ತಗಡಿಗೆ ಗಾಳಿ ಬೀಸುತ್ತಿದ್ದವು. ಸೀಳಿನ ಕೆಳಗೆ ಸರಿಯಾಗಿ ಬಂದು ಕೂತಿದ್ದು ಪ್ಯಾಡಿನ ಗಟ್ಟಿ ಪ್ಲಾಸ್ಟಿಕ್ ಅಂಚು, ನೀಲಿ ಲೈಟ್ ಇರುವ ಜಾಗ. ಬರಬೇಕಾದ ಗಾಳಿಗೇ ಅದು ಅಡ್ಡ!

ಸರಿ, ಲ್ಯಾಪ್‌ಟಾಪನ್ನು ಸ್ವಲ್ಪ ಮುಂದಕ್ಕೆ ಸರಿಸೋಣ ಅಂದರೆ ಜಾರದಿರಲಿ ಅಂತ ಮುಂದುಗಡೆ ತಡೆ ಇಟ್ಟಿದ್ದಾರೆ. ಅದು ಬಿಡುವುದಿಲ್ಲ. ಕೊನೆಗೆ ಪ್ಯಾಡಿನ ಕಾಲು ಮಡಚಿ, ಹಿಂದುಮುಂದಾಗಿ ತಿರುಗಿಸಿ, ಫ್ಯಾನು ಸೀಳಿನ ಕೆಳಗೆ ಬರುವ ಹಾಗೆ ಇಟ್ಟೆ. ಅದೇ ಪ್ಯಾಡ್, ಅದೇ ಫ್ಯಾನ್, ಈಗ 84! ಆದರೆ ಲ್ಯಾಪ್‌ಟಾಪಿನ ಮುಂಭಾಗ ಪ್ಯಾಡಿನಿಂದ ಹೊರಗೆ ಚಾಚಿಕೊಂಡಿರುತ್ತದೆ, ವೈರು ನನ್ನ ಕೈಗೆ ಸಿಕ್ಕಿಹಾಕಿಕೊಳ್ಳುತ್ತದೆ. ದಿನಾ ಹಾಗೆ ಕೂತು ಪಾಠ ಮಾಡಲು ಆಗುವುದಿಲ್ಲ.

ಆದ್ದರಿಂದ ಪ್ಯಾಡ್ ಕೊಳ್ಳುವ ಮೊದಲು ಇದೊಂದು ಮಾಡಿ. ಲ್ಯಾಪ್‌ಟಾಪ್ ಬಿಸಿಯಾಗಿ ಒಳಗಿನ ಫ್ಯಾನ್ ಓಡುತ್ತಿರುವಾಗ ಒಂದು ಬದಿ ಎತ್ತಿ, ಟಿಶ್ಯೂ ಪೇಪರಿನ ಸಣ್ಣ ಚೂರನ್ನು ತಳದ ಸೀಳುಗಳ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಹಾರಿದರೆ ಅಲ್ಲಿಂದ ಹೊರಗೆ ಬರುತ್ತಿದೆ. ಅಲ್ಲಾಡದೇ ಇದ್ದರೆ ಅದು ಬಹುಶಃ ಸ್ಪೀಕರಿನ ತೂತು. ಕೀಲಿನಿಂದ ಚೂರು ಅಂಟಿಕೊಂಡ ಜಾಗ ಎಷ್ಟು ದೂರ ಅಂತ ಅಳೆದುಕೊಂಡು, ಪ್ಯಾಡಿನ ಫೋಟೋದಲ್ಲಿ ಫ್ಯಾನ್ ಎಲ್ಲಿದೆ ಅಂತ ಹೋಲಿಸಿ ನೋಡಿ.

ಈಗ ಸ್ಟ್ಯಾಂಡ್. ಇದರಲ್ಲಿ 86 ಡಿಗ್ರಿಗೆ ನಿಂತಿತು. ಫ್ಯಾನಿಲ್ಲದೇ ಹತ್ತು ಡಿಗ್ರಿ ಹೇಗೆ ಇಳಿಯಿತು? ತೆಳು ಲ್ಯಾಪ್‌ಟಾಪಿನ ರಬ್ಬರ್ ಕಾಲು ಎರಡು ಮೂರು ಮಿಲಿಮೀಟರ್ ಅಷ್ಟೇ. ಅಷ್ಟು ಸಣ್ಣ ಸಂದಿಯಿಂದ ಒಳಗಿನ ಫ್ಯಾನ್ ಗಾಳಿ ಎಳೆಯಲು ಒದ್ದಾಡುತ್ತದೆ. ಅದರ ಜೊತೆಗೆ ಕೀಲಿನ ಕಡೆಯಿಂದ ಹೊರಬಿದ್ದ ಬಿಸಿಗಾಳಿಯಲ್ಲಿ ಒಂದಿಷ್ಟು ಮೇಜಿಗೆ ಬಡಿದು ಮತ್ತೆ ತಳಕ್ಕೇ ನುಗ್ಗುತ್ತದೆ. ಒಂದು ಗೇಣು ಎತ್ತಿದರೆ ಎರಡೂ ತಪ್ಪುತ್ತದೆ. ಕುತ್ತಿಗೆ ಬಗ್ಗಿಸುವುದೂ ತಪ್ಪಿತು. ಬೇರೆ ಕೀಬೋರ್ಡ್ ಬೇಕು ಅನ್ನುವುದೊಂದೇ ಕೊರತೆ. ನನ್ನ ಹತ್ತಿರ ಹಳೆಯದು ಇತ್ತು.

ಮೂರನೆಯದು ಫೋಮ್ ಪಟ್ಟಿಯ ದೊಡ್ಡ ಕೂಲರ್. ಲ್ಯಾಪ್‌ಟಾಪಿನ ತಳದ ಸುತ್ತ ಫೋಮ್ ಒತ್ತಿ ಕೂರುತ್ತದೆ, ಗಾಳಿ ಸೋರದೆ ಸೀಳಿನೊಳಗೇ ಹೋಗುತ್ತದೆ. ಗೇಮ್ ಆಡುವ ತಮ್ಮನದನ್ನು ವಾರಕ್ಕೆ ಎರವಲು ತಂದೆ. ತಂಪಿನಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ, 76ಕ್ಕೆ ಇಳಿಸಿತು. ಆದರೆ ಪಾಠ ಶುರುವಾಗಿ ಐದು ನಿಮಿಷಕ್ಕೆ ಒಬ್ಬಳು ಕೇಳಿದಳು, "ಮಿಸ್, ನಿಮ್ಮಲ್ಲಿ ಜೋರು ಮಳೆ ಬರ್ತಿದ್ಯಾ?" ಅದು ಮಳೆಯಲ್ಲ, ಕೂಲರಿನ ಸದ್ದು. ಶಬ್ದ ತೆಗೆಯುವ ಸೆಟ್ಟಿಂಗ್ ಹೆಚ್ಚಿಸಿದರೆ ನನ್ನ ಮಾತಿನ ಕೊನೆಯ ಅಕ್ಷರಗಳೂ ಹೋಗುತ್ತಿದ್ದವು. ಫ್ಯಾನ್ ನಿಧಾನ ಮಾಡಿದರೆ ಸ್ಟ್ಯಾಂಡಿಗಿಂತ ಹೆಚ್ಚೇನೂ ತಂಪಿಲ್ಲ. ಫೋಮು ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅವನದರಲ್ಲಿ ಆಗಲೇ ವಾಸನೆ ಶುರುವಾಗಿದೆ.

ಇನ್ನೊಂದು ಲೆಕ್ಕ, ಕರೆಂಟ್ ಹೋಗುವ ಊರಿನವರಿಗೆ. ನನ್ನ ಬ್ಯಾಟರಿ 50 ವ್ಯಾಟ್-ಅವರ್. ಕಾಲ್‌ನಲ್ಲಿ ಸುಮಾರು 15 ವ್ಯಾಟ್ ತಿನ್ನುತ್ತದೆ, ಅಂದರೆ 3 ಗಂಟೆ 20 ನಿಮಿಷ. ಯುಎಸ್‌ಬಿ ಪ್ಯಾಡ್ ಇನ್ನೆರಡು ವ್ಯಾಟ್ ತಿಂದರೆ ಮೂರು ಗಂಟೆಯೂ ಪೂರ್ತಿ ಬರುವುದಿಲ್ಲ. ಜುಲೈ ತಿಂಗಳಲ್ಲಿ ಆ ಇಪ್ಪತ್ತು ಚಿಲ್ಲರೆ ನಿಮಿಷ ನನಗೆ ಕೊನೆಯ ಬ್ಯಾಚಿನ ಮುಗಿಯುವ ಹೊತ್ತು.

ನೀವೂ ಅಳೆದು ನೋಡುವುದಾದರೆ ಒಂದೇ ಹೊತ್ತಿನಲ್ಲಿ ಅಳೆಯಿರಿ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಕೋಣೆಯೇ ಹತ್ತು ಡಿಗ್ರಿ ವ್ಯತ್ಯಾಸ. ಬೆಳಿಗ್ಗೆ ಪ್ಯಾಡ್ ಇಟ್ಟು, ಮಧ್ಯಾಹ್ನ ಸ್ಟ್ಯಾಂಡ್ ಇಟ್ಟರೆ ಪ್ಯಾಡ್ ಸುಮ್ನೆ ಗೆಲ್ಲುತ್ತದೆ. ನಾನು ಪ್ರತಿಯೊಂದನ್ನೂ ಸಂಜೆ ಆರು ಗಂಟೆಗೆ, ಕಾಲ್ ಶುರುವಾಗಿ ಒಂದು ಗಂಟೆಯಾದ ಮೇಲೆ, ಕೋಣೆ 24-25 ಡಿಗ್ರಿ ಇದ್ದಾಗ ನೋಡಿದ್ದು.

ಗೇಮ್ ಆಡುವವರಿಗೆ, ಹೆಡ್‌ಫೋನ್ ಹಾಕಿ ಮಾತಾಡದೆ ವಿಡಿಯೋ ಎಡಿಟ್ ಮಾಡುವವರಿಗೆ ಫೋಮಿನದೇ ಸರಿ. ದಿನಾ ಮೈಕ್ ಮುಂದೆ ಕೂರುವ ನನಗೆ ಸ್ಟ್ಯಾಂಡ್ ಸಾಕು. ಬೆನ್ನ ಹಿಂದೆ ಒಂದು ತಿಳಿಬಣ್ಣದ ಪರದೆ ಕಟ್ಟಿ ಬ್ಲರ್ ತೆಗೆದುಬಿಟ್ಟೆ, ಪ್ರೊಸೆಸರಿಗೆ ಆ ಕೆಲಸ ತಪ್ಪಿ 86 ಇದ್ದದ್ದು ಇನ್ನೂ ಇಳಿದು 78ಕ್ಕೆ ಬಂತು. ಎರಡು ಫ್ಯಾನಿನ ಪ್ಯಾಡ್ ಈಗ ಅತ್ತಿಗೆಯ ಮೇಜಿನ ಮೇಲಿದೆ. ಅವರದು ಒಳಗೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪ್, ಸೀಳೂ ಇಲ್ಲ, ಬಿಸಿಯೆಲ್ಲ ತಳದ ತಗಡಿನಿಂದಲೇ ಹೊರಗೆ ಹೋಗಬೇಕು. ಅದಕ್ಕೆ ನಡುವೆ ಬೀಸುವ ಗಾಳಿ ಕೆಲಸಕ್ಕೆ ಬರುತ್ತದೆ, ತೊಡೆಯ ಮೇಲೆ ಇಟ್ಟುಕೊಂಡರೆ ಸುಡುತ್ತಿದ್ದ ತಳ ಈಗ ಬೆಚ್ಚಗಷ್ಟೇ ಇರುತ್ತದೆ.