ಕೂಲರ್ ಫ್ಯಾನ್ ರ‍್ಯಾಮ್‌ಗೆ ತಾಗಿದಾಗ: ಫ್ಯಾನ್ ಎತ್ತೋದಾ, ತೆಗೆಯೋದಾ, ಸ್ಲಾಟ್ ಬದಲಿಸೋದಾ?

ಪ್ರೊಸೆಸರ್ ಮೇಲೆ ಎರಡು ಫ್ಯಾನಿನ ನಾಕ್ಚುವಾ ಎನ್‌ಎಚ್-ಡಿ15 ಕೂಲರ್, 44 ಮಿ.ಮೀ. ಎತ್ತರದ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್, 170 ಮಿ.ಮೀ. ಎತ್ತರದ ಕೂಲರ್ ಹಿಡಿಸುವ ಕ್ಯಾಬಿನೆಟ್. ಮೂರು ದಾರಿಗಳನ್ನೂ ಬಳ್ಳಾರಿಯ ಬೇಸಿಗೆಯಲ್ಲಿ ಇದೇ ಜೋಡಣೆಯ ಮೇಲೆ ಹಾಕಿ ನೋಡಿದ್ದು.

ಮೊದಲು ಮುಂದಿನ ಫ್ಯಾನ್ ಎತ್ತುವ ದಾರಿ. ಫ್ಯಾನ್ ತನ್ನ ಜಾಗದಲ್ಲೇ ಇದ್ದರೆ ಅದರ ಕೆಳಗೆ ಸಿಗೋದು 32 ಮಿ.ಮೀ. ಮಾತ್ರ. 44 ಮಿ.ಮೀ. ಸ್ಟಿಕ್ ಹಿಡಿಸಲು 12 ಮಿ.ಮೀ. ಮೇಲೆತ್ತಬೇಕು. ಆಗ ಕೂಲರ್‌ನ ಎತ್ತರ 165ರಿಂದ 177ಕ್ಕೆ ಏರುತ್ತದೆ, ಪಕ್ಕದ ಗಾಜು ಕೂರೋದಿಲ್ಲ. ಸ್ಟಿಕ್ 34 ಮಿ.ಮೀ. ಇದ್ದಿದ್ದರೆ 2 ಮಿ.ಮೀ. ಎತ್ತಿದರೆ ಸಾಕಿತ್ತು, 167ಕ್ಕೆ ಮುಗಿಯುತ್ತಿತ್ತು. ಹೀಗಾಗಿ ರ‍್ಯಾಮ್ ಇನ್ನೂ ಕೊಂಡಿಲ್ಲದವರು ಗಿಡ್ಡ ಸ್ಟಿಕ್ ತಗೊಳ್ಳಿ, ತಲೆನೋವೇ ಇರೋದಿಲ್ಲ. "ಒಂದೆರಡು ಮಿಲಿಮೀಟರ್ ತಾನೇ" ಅಂತ ಫ್ಯಾನನ್ನು ಸ್ಟಿಕ್ ಮೇಲೆ ಒತ್ತಿ ಕೂರಿಸಬೇಡಿ. ಸ್ಟಿಕ್ ವಾಲಿದರೆ ಒಮ್ಮೆ ಆನ್ ಆಗುತ್ತದೆ, ಒಮ್ಮೆ ಬೋರ್ಡಿನ DRAM ದೀಪ ಹೊತ್ತಿಕೊಂಡು ನಿಂತುಬಿಡುತ್ತದೆ. ಒಂದು ಚೀಟಿ ಕಾಗದ ಸ್ಟಿಕ್‌ಗೂ ಫ್ಯಾನಿಗೂ ನಡುವೆ ಸಲೀಸಾಗಿ ಜಾರಬೇಕು.

ಎರಡನೆಯದು, ಸ್ಲಾಟ್ ಬದಲಿಸೋದು. ಹೆಚ್ಚಿನವರು ಎಡವೋದು ಇಲ್ಲೇ. ನಾಲ್ಕು ಸ್ಲಾಟ್ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ A1, A2, B1, B2. ಎರಡು ಸ್ಟಿಕ್‌ಗೆ ಸರಿಯಾದ ಜಾಗ A2, B2, ಅಂದರೆ ಎರಡನೇದು, ನಾಲ್ಕನೇದು. ಫ್ಯಾನಿನಿಂದ ದೂರ ಇರಲಿ ಅಂತ ಕೊನೆಯ ಎರಡಕ್ಕೆ, B1, B2ಗೆ ಹಾಕಿದರೆ ಎರಡೂ ಒಂದೇ ಚಾನೆಲ್ ಸೇರುತ್ತವೆ. ಕಂಪ್ಯೂಟರ್ ಆನ್ ಆಗುತ್ತದೆ, 16 ಜಿಬಿ ಪೂರ್ತಿ ತೋರಿಸುತ್ತದೆ, ಆದರೆ ಮೆಮೊರಿಯ ಬ್ಯಾಂಡ್‌ವಿಡ್ತ್ ಅರ್ಧ. CPU-Zನ Memory ಟ್ಯಾಬ್‌ನಲ್ಲಿ ಎರಡರ ಬದಲು ಒಂದೇ ಚಾನೆಲ್ ಕಂಡಾಗಲೇ ಗೊತ್ತಾಗೋದು. A1, B1 ಹಾಕಿದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ನಿಜ. ಆದರೆ ಬಹುತೇಕ ಬೋರ್ಡುಗಳಲ್ಲಿ ತಂತಿದಾರಿ A1 ದಾಟಿ A2ವರೆಗೆ ಹೋಗಿರುತ್ತದೆ. ಆ ಖಾಲಿ ತುದಿಯಿಂದ ಸಿಗ್ನಲ್ ತಿರುಗಿ ಬಂದು ಗೊಂದಲ ಮಾಡುತ್ತದೆ. 2133ರ ವೇಗದಲ್ಲಿ ಓಡಿದ ಕಿಟ್, ಬಯೋಸ್‌ನಲ್ಲಿ XMP ಹಾಕಿ 3600 ಕೇಳಿದರೆ ಏಳದೇ ಹೋಗಬಹುದು. ಮೇಲಾಗಿ A1 ಫ್ಯಾನಿನ ನೇರ ಕೆಳಗೇ! ಫ್ಯಾನ್ ಮುಚ್ಚೋದು A1 ಒಂದನ್ನೇ ಆದರೆ ಮಾತ್ರ ಸ್ಲಾಟ್ ಲೆಕ್ಕ ನಿಮ್ಮ ಪರ: A2, B2ನಲ್ಲಿ ಎತ್ತರದ ಸ್ಟಿಕ್ಕೂ ಆರಾಮಾಗಿ ಕೂರುತ್ತದೆ.

ಮೂರನೆಯದು, ಮುಂದಿನ ಫ್ಯಾನ್ ತೆಗೆದು ನಡುವಿನದನ್ನಷ್ಟೇ ಉಳಿಸಿಕೊಳ್ಳೋದು. ರ‍್ಯಾಮ್ ಕಡೆಯ ರೆಕ್ಕೆಗಳ ಕೆಳಭಾಗ ಕತ್ತರಿಸಿರೋದರಿಂದ 64 ಮಿ.ಮೀ. ಜಾಗ ಸಿಗುತ್ತದೆ. ಪೂರ್ತಿ ಲೋಡ್‌ನಲ್ಲಿ ಕೆಲವು ಡಿಗ್ರಿ ಏರುತ್ತದೆ, ದಿನದ ಕೆಲಸದಲ್ಲಿ ಗೊತ್ತೂ ಆಗೋದಿಲ್ಲ. ತೆಗೆದ ಫ್ಯಾನನ್ನು ಹಿಂದುಗಡೆ, ಗಾಳಿ ಹೊರಗೆ ಹೋಗುವ ಮುಖಕ್ಕೆ ಸಿಕ್ಕಿಸಬಹುದು. ಅಲ್ಲಿ ಬೋರ್ಡಿನ ಹೀಟ್‌ಸಿಂಕ್ ತಾಗುತ್ತದಾ ನೋಡಿ. 44 ಮಿ.ಮೀ. ಸ್ಟಿಕ್ ಈಗಾಗಲೇ ಕೈಲಿದ್ದರೆ ನನ್ನ ಮತ ಇದಕ್ಕೇ. ಸ್ಟಿಕ್ ಮೊದಲು ಕೂರಿಸಿ, ಕೂಲರ್ ಆಮೇಲೆ, ಫ್ಯಾನ್ ಕೊನೆಗೆ. ಧೂಳು ಹೊಡೆಯುವ ದಿನವೂ ಅದೇ ಫ್ಯಾನನ್ನೇ ಮೊದಲು ಬಿಚ್ಚಬೇಕಾಗೋದು.