ಪಿಡಿಎಫ್ ಪುಟಸಂಖ್ಯೆಗೆ qpdf: ಬಹುಕಾಲದ ಬಳಕೆಯ ನಂತರ

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಡುವವರಿಗೆಲ್ಲ ಇರುವ ಗೋಳು ಇದು: ಪರಿವಿಡಿ 96ನೇ ಪುಟ ನೋಡಿ ಎನ್ನುತ್ತದೆ, ಪಿಡಿಎಫ್‌ನಲ್ಲಿ 96 ಒತ್ತಿದರೆ 79 ತೆರೆಯುತ್ತದೆ. ಮುಖಪುಟ, ಅರಿಕೆ, ಮುನ್ನುಡಿ ಎಲ್ಲವೂ ಎಣಿಕೆಯಲ್ಲಿ ಸೇರಿಹೋಗಿರುತ್ತವೆ. ಇದನ್ನು ಸರಿಪಡಿಸಲು ನಾನು ನೆಚ್ಚಿಕೊಂಡಿರುವುದು qpdf ಎಂಬ ಉಚಿತ ತಂತ್ರಾಂಶವನ್ನು. ಗುಂಡಿ, ಕಿಟಕಿ ಏನೂ ಇಲ್ಲ. ಆಜ್ಞೆಯನ್ನು ಟೈಪ್ ಮಾಡಬೇಕು.

ಒಂದು ಪುಸ್ತಕವನ್ನೇ ನೋಡೋಣ. ಮೊದಲ ಹಾಳೆ ಮುಖಪುಟ. ನಂತರದ ಹದಿನಾರು ಪುಟಗಳು ಮುನ್ನುಡಿ ಇತ್ಯಾದಿ; ಇವಕ್ಕೆ ರೋಮನ್ ಅಂಕಿ. ಕಥೆ ಶುರುವಾಗುವುದು ಕಡತದ 18ನೇ ಪುಟದಲ್ಲಿ. 96ನೇ ಪುಟವಾದ ಮೇಲೆ ಸಂಖ್ಯೆಯಿಲ್ಲದ ಎಂಟು ಚಿತ್ರಪುಟಗಳು.

```
qpdf hale.pdf --set-page-labels 1:/1/ಮುಖಪುಟ 2:r 18:D 114:D/1/ಚಿತ್ರ- 122:D/97 -- hosa.pdf
```

ವಿವರಣೆಗಳ ನಡುವೆ ಬರಿಯ ಜಾಗ ಬಿಟ್ಟರೆ ಸಾಕು. ಪ್ರತಿಯೊಂದರಲ್ಲೂ ಮೊದಲು ಕಡತದಲ್ಲಿನ ನಿಜವಾದ ಸ್ಥಾನ, ಆಮೇಲೆ ಅಂಕಿಯ ಬಗೆ, ಬೇಕಿದ್ದರೆ ಆರಂಭದ ಸಂಖ್ಯೆ ಮತ್ತು ಸಂಖ್ಯೆಗೆ ಮೊದಲು ಸೇರುವ ಪದ. ಎಡವುವುದು ಕೊನೆಯ 122ರಲ್ಲಿ. ಬರಿಯ `122:D` ಎಂದು ಬಿಟ್ಟರೆ ಪುಸ್ತಕದ ಉತ್ತರಾರ್ಧ ಮತ್ತೆ ಒಂದರಿಂದ ಶುರುವಾಗುತ್ತದೆ, ಒಂದೇ ಕಡತದಲ್ಲಿ ಎರಡು ‘45’ ಸಿಗುತ್ತವೆ. ಹೊಸ ವಿಭಾಗ ಹಿಂದಿನದರ ಎಣಿಕೆಯನ್ನು ಮುಂದುವರಿಸುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಕೂಡಲೇ ಕೊನೆಯ ಪುಟಕ್ಕೆ ಹೋಗಿ, ಅಲ್ಲಿ ಅಚ್ಚಾಗಿರುವ ಸಂಖ್ಯೆಯೂ ಮೇಲಿನ ಪೆಟ್ಟಿಗೆಯ ಸಂಖ್ಯೆಯೂ ಒಂದೇ ಇವೆಯೇ ಎಂದು ನೋಡುತ್ತೇನೆ. ಪೆಟ್ಟಿಗೆಯ ಸಂಖ್ಯೆ ಎರಡು ಕಡಿಮೆಯಿದ್ದರೆ ನಡುವೆ ಎಲ್ಲೋ ಒಂದು ಹಾಳೆ ಸ್ಕ್ಯಾನ್‌ನಲ್ಲಿ ತಪ್ಪಿಹೋಗಿದೆ ಎಂದೇ ಲೆಕ್ಕ. ಪುಟಸಂಖ್ಯೆ ಹಾಕಲು ಹೋಗಿ ಕಾಣೆಯಾದ ಹಾಳೆ ಪತ್ತೆಯಾಗುವುದು ಈ ಕೆಲಸದ ದೊಡ್ಡ ಲಾಭ.

ಈ ಸೌಲಭ್ಯ ಬಂದದ್ದು 11.9ನೇ ಆವೃತ್ತಿಯಲ್ಲಿ. ಉಬುಂಟು 24.04ರಲ್ಲಿ ಅದು ಇದೆ, 22.04ರಲ್ಲಿರುವುದು ಹಳೆಯದು, ಈ ಆಜ್ಞೆಯನ್ನು ಗುರುತಿಸುವುದೇ ಇಲ್ಲ.

ಕೊರತೆಗಳೂ ಇವೆ. ಒಂದು ಪುಟದ ಹಣೆಪಟ್ಟಿ ಬದಲಿಸಬೇಕಾದರೂ ಇಡೀ ಸಾಲನ್ನು ಮತ್ತೆ ಬರೆಯಬೇಕು. ಹಾಗಾಗಿ ಪ್ರತಿ ಪುಸ್ತಕದ ಆಜ್ಞೆಯನ್ನೂ ಪಕ್ಕದಲ್ಲೊಂದು ಪಠ್ಯಕಡತದಲ್ಲಿ ಉಳಿಸುತ್ತೇನೆ. ಪುಟಗಳನ್ನು ಬೇರ್ಪಡಿಸುವಾಗ qpdf ಕೇಳುವುದು ಕಡತದ ಸ್ಥಾನವನ್ನೇ, ನಾವು ಕೊಟ್ಟ ಹೊಸ ಸಂಖ್ಯೆಯನ್ನಲ್ಲ. ಇನ್ನು ಕನ್ನಡ ಅಂಕಿಗಳ ಮಾತು: ಪಿಡಿಎಫ್ ಮಾನದಂಡದಲ್ಲಿರುವುದು 1, 2, 3, ರೋಮನ್ ಅಂಕಿ ಮತ್ತು ಎ, ಬಿ, ಸಿ ಅಕ್ಷರಗಳು ಮಾತ್ರ. ೧, ೨, ೩ ತಾನಾಗಿ ಬರುವುದಿಲ್ಲ. ಇದು qpdf ತಪ್ಪಲ್ಲ, ಆದರೂ ಬೇಸರವಾಗುತ್ತದೆ.

ಫೈರ್‌ಫಾಕ್ಸ್, ಓಕ್ಯುಲರ್, ಅಕ್ರೊಬ್ಯಾಟ್ ಈ ಸಂಖ್ಯೆಗಳನ್ನು ತೋರಿಸುತ್ತವೆ. ಮೊಬೈಲಿನ ಹಲವು ಓದುಕಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಓದುವವರಿಗೆ ಕಳಿಸುವಾಗ ಕಡತದ ಎಣಿಕೆಯನ್ನೇ ಹೇಳಿಬಿಡುತ್ತೇನೆ.