ಸಾಲ ಕೊಟ್ಟವರಿಗೆ ಮೆಷಿನ್ ಕೊಡುವುದೋ, ಮಾರಿ ಹಣ ಕೊಡುವುದೋ?

ಪೀಣ್ಯದಲ್ಲಿ ಇಬ್ಬರು ಸಮಪಾಲುದಾರರ ವರ್ಕ್‌ಶಾಪ್ ಮುಚ್ಚುತ್ತಿದೆ ಎಂದುಕೊಳ್ಳಿ. ಪುಸ್ತಕದಲ್ಲಿ ಮೆಷಿನ್ 4,00,000, ಸರಕು 2,00,000, ಬ್ಯಾಂಕಿನಲ್ಲಿ 50,000 ರೂಪಾಯಿ. ಕೊಡಬೇಕಾದ್ದು 3,00,000, ಬಂಡವಾಳ ತಲಾ 1,75,000. ಎರಡೂ ದಾರಿಯಲ್ಲಿ ಮೆಷಿನ್, ಸರಕು, ಫರ್ಮ್ ಮುಚ್ಚುವಾಗಿನ ಲಾಭ ನಷ್ಟ ತೋರಿಸುವ ರಿಯಲೈಸೇಶನ್ ಖಾತೆಯ ಡೆಬಿಟ್‌ಗೆ, ಸಾಲ ಕ್ರೆಡಿಟ್‌ಗೆ ಹೋಗುತ್ತದೆ. ಸರಕು 1,60,000ಕ್ಕೆ ಹೋಗುತ್ತದೆ.

ಮಾರಿದರೆ: ಮೆಷಿನ್‌ಗೆ 3,20,000 ಬಂತು, ದಲ್ಲಾಳಿಗೆ 10,000 ಹೋಯಿತು, ಸಾಲ ಪೂರ್ತಿ ತೀರಿತು. ನಷ್ಟ 1,30,000. ಪ್ರತಿಯೊಬ್ಬರ ಕೈಗೆ 1,10,000.

ಮೆಷಿನ್ನೇ ಕೊಟ್ಟರೆ: ಪೂರ್ಣ ತೀರುವಳಿ ಎಂದು ಸಾಲ ಕೊಟ್ಟವರು ಒಪ್ಪಿಕೊಂಡರೆ ಅದಕ್ಕೆ ಬೇರೆ ನಮೂದೇ ಬೇಡ, ಮೆಷಿನ್, ಸಾಲ ಎರಡೂ ಆಗಲೇ ಖಾತೆಯಲ್ಲಿವೆ. ನಷ್ಟ 1,40,000, ಕೈಗೆ ತಲಾ 1,05,000.

ಇಲ್ಲೇ ಹೆಚ್ಚಿನವರು ಎಡವುವುದು: ಮೆಷಿನ್ ಕೊಟ್ಟ ಮೇಲೂ 3,00,000 ಪಾವತಿ ಬರೆದುಬಿಡುತ್ತಾರೆ. ಆಗ ಬ್ಯಾಂಕ್ ಖಾತೆ ತಾಳೆಯಾಗುವುದಿಲ್ಲ. ಕೊನೆಗೆ ಬ್ಯಾಂಕಿನಲ್ಲಿ ಉಳಿದ 2,10,000 ಇಬ್ಬರ ಬಂಡವಾಳ ಬಾಕಿಗೆ ಸರಿಯಾಗಿ ಹೊಂದಬೇಕು.

ಹಾಗಾದರೆ ಯಾವುದು? ದಲ್ಲಾಳಿ ಖರ್ಚು ಕಳೆದು ಮೆಷಿನ್‌ಗೆ 3,00,000ಕ್ಕಿಂತ ಹೆಚ್ಚು ಖಚಿತವಾಗಿ ಸಿಗುವುದಾದರೆ ಮಾರಿ. ಗಿರಾಕಿ ಕಾಯಿಸುತ್ತಿದ್ದು, ಶೆಡ್ ಬಾಡಿಗೆ ಏರುತ್ತಿದ್ದರೆ ಕೊಟ್ಟುಬಿಡುವುದೇ ಮೇಲು. ಆದರೆ ಬಾಕಿ ಇಲ್ಲವೆಂಬ ಪತ್ರವನ್ನು ಸಹಿಯೊಂದಿಗೆ ಪಡೆಯಿರಿ. ಪಾಲುದಾರರೇ ಫರ್ಮ್‌ಗೆ ಕೊಟ್ಟ ಸಾಲವಿದ್ದರೆ ಅದನ್ನು ರಿಯಲೈಸೇಶನ್ ಖಾತೆಗೆ ತರಬೇಡಿ. 1932ರ ಪಾಲುದಾರಿಕೆ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಹೊರಗಿನವರ ಸಾಲ ತೀರಿದ ಮೇಲೆ, ಬಂಡವಾಳಕ್ಕೂ ಮೊದಲು, ಅದರ ಸರದಿ.